ಎರ್ಲಿಂದಾ ಟೀಚರ್ ಕೇಳಿದ ಅನುಮತಿ

ಬೆಟ್ಟದ ಬುಡದ ನಮ್ಮ ಚಾಲ್ಯಮಾರ್ಕ ಊರಿನಲ್ಲಿ ಯಾರಿಗೆ ಏನು ಬೇಕಾದರೂ ಮೊದಲು ಅರ್ಜಿ ಬರೆಯಬೇಕು. ನಲ್ಲಿ ಹಾಕಿಸಲು ಅರ್ಜಿ, ಚೌಕದಲ್ಲಿ ತಿಂಡಿ ಮಾರಲು ಅರ್ಜಿ, ಸತ್ತವರಿಗೆ ಒಂದಿಷ್ಟು ಮಣ್ಣು ಬೇಕೆಂದರೂ ಅರ್ಜಿ. ಅರ್ಜಿಯಿಂದಲೇ ನನ್ನ ಹೊಟ್ಟೆ ತುಂಬುತ್ತಿರುವುದರಿಂದ ನಾನು ದೂರುವ ಹಾಗಿಲ್ಲ. ಹೈಸ್ಕೂಲಿನ ಗೇಟಿಗೆ ಎದುರಾಗಿ ನನ್ನ ಅಂಗಡಿ. ಒಂದು ಕಂಪ್ಯೂಟರ್, ಎರಡು ಜೆರಾಕ್ಸ್ ಯಂತ್ರ. ಅದರಲ್ಲಿ ಒಂದು ಕೆಟ್ಟು ಎಷ್ಟೋ ಕಾಲವಾಯಿತು, ಅದರ ಮೇಲೆ ಬೆಕ್ಕು ಮಲಗುತ್ತದೆ. ಬರೆಯಲು ಬಾರದವರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಬರೆಯಲು ಬರುವವರೂ ಬರುತ್ತಾರೆ, ಏಕೆಂದರೆ ಅರ್ಜಿಯ ಭಾಷೆ ಮನುಷ್ಯರ ಭಾಷೆಯಲ್ಲ.

ಎರ್ಲಿಂದಾ ಸುಲ್ಕಾ ಬರೆಯಲು ಬರುವವಳು. ಊರಿನ ಪ್ರೈಮರಿ ಶಾಲೆಯಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಟೀಚರ್. ಕುಳ್ಳಗೆ, ಗಟ್ಟಿಮುಟ್ಟಾಗಿ, ಯಾವಾಗಲೂ ಹಸಿರು ಸ್ವೆಟರಿನಲ್ಲಿ ಇರುವ ಹೆಂಗಸು. ಮದುವೆಯಾಗಲಿಲ್ಲ. ನಗುವುದು ಕಡಿಮೆ, ಆದರೆ ನಕ್ಕರೆ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ನಲವತ್ತರ ಹತ್ತಿರ ಬಂದಾಗ ಇವಳಿಗೆ ಸ್ನಾತಕೋತ್ತರ ಪದವಿಯ ಹುಚ್ಚು ಹಿಡಿಯಿತು. ಶುಕ್ರವಾರ ಸಂಜೆ ಬಸ್ಸು ಹತ್ತಿ ನಗರದ ವಿಶ್ವವಿದ್ಯಾಲಯಕ್ಕೆ ಹೋಗುವುದು, ಭಾನುವಾರ ಕಣ್ಣು ಕೆಂಪಗೆ ಮಾಡಿಕೊಂಡು ಬರುವುದು. ಸಂಬಳ ಹೆಚ್ಚಾಗಲಿ ಎಂದು ಓದುತ್ತಿದ್ದಾಳೆ ಎಂದು ಊರಿನವರು ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ಸಂಗತಿ ಬೇರೆಯಿತ್ತು. ಹೈಸ್ಕೂಲು ಇರುವುದು ಕೆಳಗೆ ನಮ್ಮ ಊರಿನಲ್ಲಿ ಮಾತ್ರ. ಮೇಲಿನ ಹಳ್ಳಿಗಳ ಮಕ್ಕಳು ಹನ್ನೆರಡು ವರ್ಷಕ್ಕೇ ಇಲ್ಲಿಗೆ ಬಂದು ಬಾಡಿಗೆಗೆ ಒಂದು ಕೋಣೆ ಹಿಡಿಯುತ್ತಾರೆ. ಭಾನುವಾರ ಬೆನ್ನ ಮೇಲೆ ಆಲೂಗಡ್ಡೆ, ಹುರಿದ ಜೋಳ, ಒಂದು ತುಂಡು ಗಿಣ್ಣು ಹೊತ್ತು ಇಳಿಯುತ್ತಾರೆ. ತಾವೇ ಬೇಯಿಸಿಕೊಳ್ಳುತ್ತಾರೆ, ತಾವೇ ಒಗೆದುಕೊಳ್ಳುತ್ತಾರೆ, ತಾವೇ ಹೆದರಿಕೊಂಡು ತಾವೇ ಧೈರ್ಯ ಹೇಳಿಕೊಳ್ಳುತ್ತಾರೆ. ಗುರುವಾರದ ಹೊತ್ತಿಗೆ ಚೀಲ ಖಾಲಿ. ಶುಕ್ರವಾರ ಮಧ್ಯಾಹ್ನ ಬರಿಹೊಟ್ಟೆಯಲ್ಲಿ ಬೆಟ್ಟ ಹತ್ತುತ್ತಾರೆ. ಎರ್ಲಿಂದಾ ಕೂಡ ಹೀಗೇ ಬಂದವಳು, ತಂಗಿ ದೆಲ್ಫೀನಾಳ ಜತೆ. ಚಳಿ ಕೊರೆಯುವ ಒಂದು ಜೂನ್ ತಿಂಗಳಲ್ಲಿ ತಂಗಿಗೆ ಕೆಮ್ಮು ಹತ್ತಿ ಜ್ವರ ಏರಿತು. ಯಾರಿಗೆ ಹೇಳಬೇಕೆಂದು ಅಕ್ಕನಿಗೆ ಗೊತ್ತಾಗಲಿಲ್ಲ. ಮನೆಯ ಯಜಮಾನಿ ಸಂತೆಗೆ ಹೋಗಿದ್ದಳು, ಅಪ್ಪ ಅಮ್ಮ ಬೆಟ್ಟದ ಮೇಲಿದ್ದರು. ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿ ಪಕ್ಕದಲ್ಲಿ ಕೂತಿದ್ದಳು. ಆ ಮಗು ಉಳಿಯಲಿಲ್ಲ. ಇದನ್ನು ಎರ್ಲಿಂದಾ ನನಗೆ ಹೇಳಿದ್ದು ಒಂದೇ ಸಲ, ಅದೂ ಜೆರಾಕ್ಸ್ ಯಂತ್ರದ ಕಡೆ ಮುಖ ಮಾಡಿಕೊಂಡು.

ಈಚೆಗೆ ಸರ್ಕಾರ ಕೆಲವು ಹೈಸ್ಕೂಲುಗಳಿಗೆ ಹಾಸ್ಟೆಲ್ ಕೊಡತೊಡಗಿದೆ. ಹಾಸಿಗೆ, ಊಟ, ನೋಡಿಕೊಳ್ಳಲು ದೊಡ್ಡವರು. ಆದರೆ ಒಂಟಿಯಾಗಿರುವ ಮಕ್ಕಳು ಎಷ್ಟು ಎಂದು ಶಾಲೆ ತೋರಿಸಬೇಕು. ನಮ್ಮ ಹೈಸ್ಕೂಲಿನ ದಾಖಲೆಯಲ್ಲಿ ಅಂಥ ಮಗು ಒಂದೂ ಇಲ್ಲ. ದಾಖಲಾತಿಯಲ್ಲಿ ಪೋಷಕರ ಹೆಸರು ಕಡ್ಡಾಯ, ಅಲ್ಲಿ ಬಾಡಿಗೆ ಮನೆಯ ಯಜಮಾನಿಯ ಹೆಸರು ಬರೆಸುತ್ತಾರೆ. ಕಾಗದದ ಮೇಲೆ ಎಲ್ಲ ಮಕ್ಕಳಿಗೂ ಮನೆಯಿದೆ. ಎರ್ಲಿಂದಾಳ ಸಂಶೋಧನೆಯ ವಿಷಯ ಇಷ್ಟೇ: ಸೋಮವಾರದಿಂದ ಶುಕ್ರವಾರದವರೆಗೆ ನೀನು ಯಾರ ಜತೆ ಇರುತ್ತೀಯ, ಏನು ತಿನ್ನುತ್ತೀಯ, ಹುಷಾರಿಲ್ಲದಿದ್ದರೆ ಯಾರಿಗೆ ಹೇಳುತ್ತೀಯ. ಮಕ್ಕಳನ್ನು ಕೇಳಿ, ಎಣಿಸಿ, ವಿಶ್ವವಿದ್ಯಾಲಯದ ಮುದ್ರೆ ಒತ್ತಿಸಿ ಮುಂದಿಟ್ಟರೆ ಯಾರೂ ಇಲ್ಲ ಅನ್ನಲಾರರು ಎಂದು ಅವಳ ನಂಬಿಕೆ.

"ಅಕ್ಕಾ, ನೀನೇ ಟೈಪ್ ಮಾಡು," ಎಂದು ಮಾರ್ಚಿನಲ್ಲಿ ನನ್ನ ಮುಂದೆ ಕೂತಳು. "ನಾನು ಮನೇಲಿ ಬರ್ಕೊಂಡು ಕೊಟ್ಟೆ, ವಾಪಸ್ ಕಳಿಸಿಬಿಟ್ರು."

"ಏನಂತೆ?"

"ವರ್ಷದ ಹೆಸರು ತಪ್ಪಂತೆ."

ನಮ್ಮ ದೇಶದಲ್ಲಿ ಪ್ರತಿ ವರ್ಷಕ್ಕೂ ಸರ್ಕಾರ ಒಂದು ಹೆಸರಿಡುತ್ತದೆ, ಎಲ್ಲ ಅರ್ಜಿಯ ನೆತ್ತಿಯ ಮೇಲೂ ಅದು ಇರಬೇಕು. ಎರ್ಲಿಂದಾ ಜನವರಿ ರಜೆಯಲ್ಲಿ ಬರೆದಿಟ್ಟವಳು ಹಳೇ ವರ್ಷದ ಹೆಸರನ್ನೇ ಹಾಕಿದ್ದಳು. ಅರ್ಜಿ ತೆಗೆದುಕೊಳ್ಳುವ ಮೇಜಿನ ಹುಡುಗಿ ಆ ಒಂದು ಸಾಲು ಓದಿ, ಉಳಿದದ್ದನ್ನು ಓದದೆ ಹಿಂತಿರುಗಿಸಿದ್ದಳು.

"ಹೋದ ವರ್ಷದ ಮಕ್ಕಳು ಈ ವರ್ಷ ಊಟ ಮಾಡಲ್ಲ ಅಂದ್ಕೊಂಡಳೇನೋ," ಅಂದೆ.

ಎರ್ಲಿಂದಾ ನಗಲಿಲ್ಲ. ನಾನು ಟೈಪ್ ಮಾಡಿದೆ. ಬಲಗಡೆ ಮೇಲೆ ದಪ್ಪಕ್ಷರದಲ್ಲಿ, ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಡಲು ಅನುಮತಿ ಕೋರಿಕೆ. ಕೆಳಗೆ, ಮಾನ್ಯ ಪ್ರಿನ್ಸಿಪಾಲ್ ಅಬ್ದೋನ್ ಲೊವಾಯ್ಸಾ ಅವರಿಗೆ. ಆಮೇಲೆ ಇವಳ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಯಾವ ಪದವಿ, ಯಾವ ವಿಷಯ, ಯಾವ ತರಗತಿ, ಎಷ್ಟು ಹೊತ್ತು. ಮಕ್ಕಳ ಹೆಸರು ಬರೆಸಿಕೊಳ್ಳುವುದಿಲ್ಲ, ಇಷ್ಟವಿಲ್ಲದ ಮಗು ಉತ್ತರಿಸಬೇಕಿಲ್ಲ, ತಂದೆತಾಯಿಯರ ಲಿಖಿತ ಒಪ್ಪಿಗೆ ಪಡೆಯಲಾಗುವುದು, ಪ್ರಬಂಧದಲ್ಲಿ ಶಾಲೆಯ ಹೆಸರು ಬರುವುದಿಲ್ಲ. ಜತೆಗೆ ವಿಶ್ವವಿದ್ಯಾಲಯದ ಪರಿಚಯ ಪತ್ರ, ಪ್ರಶ್ನಾವಳಿಯ ಪ್ರತಿ, ಒಪ್ಪಿಗೆಯ ಹಾಳೆಯ ಮಾದರಿ. ಕೊನೆಗೆ, ತಮ್ಮ ಘನ ಹೃದಯಕ್ಕೆ ನಮಸ್ಕರಿಸುತ್ತ. ಎರಡು ಪ್ರತಿ ತೆಗೆದೆ. ಒಂದು ಅವರಿಗೆ, ಇನ್ನೊಂದರ ಮೇಲೆ ಅವರ ಮುದ್ರೆ ಹಾಕಿಸಿ ಇವಳು ಇಟ್ಟುಕೊಳ್ಳಬೇಕು. ಆ ಮುದ್ರೆಯಿಲ್ಲದಿದ್ದರೆ ಅರ್ಜಿ ಕೊಟ್ಟೇ ಇಲ್ಲ ಎಂದಾರು.

ಈ ಸಲ ಮುದ್ರೆ ಬಿತ್ತು. ಆಮೇಲೆ ಕಾಯುವ ಕೆಲಸ. ಪ್ರಿನ್ಸಿಪಾಲರು ಸಭೆಯಲ್ಲಿದ್ದಾರೆ, ಪ್ರಿನ್ಸಿಪಾಲರು ಪ್ರಾಂತ್ಯದ ಶಿಕ್ಷಣ ಕಚೇರಿಗೆ ಹೋಗಿದ್ದಾರೆ, ಶಾಲೆಯ ವಾರ್ಷಿಕೋತ್ಸವ ಮುಗಿಯಲಿ. ಏಪ್ರಿಲ್ ಹೋಯಿತು. ಎರ್ಲಿಂದಾ ತನ್ನ ಶಾಲೆ ಬಿಟ್ಟ ಮೇಲೆ ಬಂದು ಹೈಸ್ಕೂಲಿನ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದಳು. ಅಂಗಡಿಯಿಂದ ನೋಡಿ ನೋಡಿ ನನಗೇ ಸಿಟ್ಟು ಬರುತ್ತಿತ್ತು. ಅಷ್ಟು ವಿಧೇಯಳಾಗಿ ಕೂತವರನ್ನು ಕಾಯಿಸುವುದು ಎಲ್ಲರಿಗೂ ಸುಲಭ.

ಮೇ ತಿಂಗಳಲ್ಲಿ ಕರೆ ಬಂತು. ಒಬ್ಬಳೇ ಹೋಗಲು ಅಳುಕು, ನನ್ನನ್ನೂ ಎಳೆದುಕೊಂಡು ಹೋದಳು. ಅಬ್ದೋನ್ ಲೊವಾಯ್ಸಾ ಕೆಟ್ಟ ಮನುಷ್ಯನೆಂದು ನಾನು ಹೇಳಲಾರೆ. ನೀಟಾಗಿ ತಲೆ ಬಾಚಿದ, ನಯವಾಗಿ ಮಾತಾಡುವ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಯಾವ ಗಲಾಟೆಯೂ ಇಲ್ಲದೆ ಮನೆಗೆ ಹೋದರೆ ಸಾಕು ಎನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

"ಕೂತ್ಕೊಳ್ಳಿ ಟೀಚರ್. ಗ್ರಿಮಾನೆಸಾ, ನೀವೂ ಸಂಶೋಧನೆ ಶುರು ಮಾಡಿದ್ರಾ?"

"ಇಲ್ಲ ಸಾರ್, ನಾನು ಬರೀ ಕಾಪಿ ಮಾಡೋಳು."

ಅವರು ಪ್ರಶ್ನಾವಳಿಯ ಮೇಲೆ ಬೆರಳಿಟ್ಟರು. "ಇದು, ಯಾರ ಜತೆ ಇರ್ತೀಯ ಅನ್ನೋದು. ನಮ್ಮಲ್ಲಿ ಪ್ರತಿ ಮಗುಗೂ ಪೋಷಕರಿದ್ದಾರೆ. ದಾಖಲೆ ನೋಡ್ತೀರಾ?"

"ದಾಖಲೆ ಗೊತ್ತು ಸಾರ್. ಅದ್ರಲ್ಲಿ ಒಬ್ಬಳೇ ಯಜಮಾನಿಗೆ ಹದಿನಾಲ್ಕು ಮಕ್ಕಳಿದ್ದಾರೆ."

ಅವರು ಮುಗುಳ್ನಕ್ಕರು. "ನಾಳೆ ಯಾವುದೋ ಮಗು ತಪ್ಪು ಬರೆದು, ಅದನ್ನ ಯಾರೋ ರೇಡಿಯೋದಲ್ಲಿ ಓದಿದ್ರೆ, ಉತ್ತರ ಕೊಡೋನು ನಾನು. ನೀವಲ್ಲ."

"ಹಾಸ್ಟೆಲ್ ಬರತ್ತೆ ಸಾರ್. ಅದಕ್ಕೇ ನಾನು..."

"ಹಾಸ್ಟೆಲ್ ಬಂದ್ರೆ ರಾತ್ರಿ ಹಗಲು ಅದಕ್ಕೂ ನಾನೇ ಹೊಣೆ. ಇರ್ಲಿ. ನಾನು ಬೇಡ ಅಂತಿಲ್ಲ, ಟೀಚರ್. ಬೇಡ ಅಂದ್ರೆ ಅಡ್ಡ ಹಾಕ್ದ ಅಂತೀರಿ. ಅನುಮತಿ ಕೊಡ್ತೀನಿ. ನಿಮ್ಮ ಅರ್ಜೀಲೇ ಇದೆಯಲ್ಲ, ತಂದೆತಾಯಿ ಒಪ್ಪಿಗೆ ಅಂತ. ಅಪ್ಪನೋ ಅಮ್ಮನೋ ಸ್ವತಃ ಸಹಿ, ಹೆಬ್ಬೆಟ್ಟು, ಗುರುತಿನ ಚೀಟಿ ಕಾಪಿ. ಯಜಮಾನಿ ಸಹಿ ನಡೆಯಲ್ಲ. ಪದ್ಧತಿ ಪ್ರಕಾರ ಪ್ರಬಂಧದ ಒಂದು ಪ್ರತಿ ಶಾಲೆಗೆ ಕೊಡ್ಬೇಕು. ಸರೀನಾ?"

ಸರಿ ಎಂದಳು. ಬೇರೇನು ಹೇಳಿಯಾಳು? ವಿಶ್ವವಿದ್ಯಾಲಯದ ನಿಯಮವೂ ಅದೇ. ಅನುಮತಿ ಪತ್ರವನ್ನು ಎದೆಗವಚಿಕೊಂಡು ಹೊರಗೆ ಬಂದಳು. ಬಾಡಿಗೆ ಯಜಮಾನಿಯನ್ನು ದಾಖಲಾತಿಗೆ ಪೋಷಕಿಯೆಂದು ಒಪ್ಪಿಕೊಂಡ ಶಾಲೆ ಪ್ರಶ್ನೆ ಕೇಳುವಾಗ ಮಾತ್ರ ಒಪ್ಪುವುದಿಲ್ಲ ಎನ್ನುವುದು ನನಗೆ ಗೇಟು ದಾಟುವಾಗಲೇ ಹೊಳೆದಿತ್ತು. ಅವಳ ಸಂತೋಷ ನೋಡಿ ಬಾಯಿ ಮುಚ್ಚಿಕೊಂಡೆ.

ಒಪ್ಪಿಗೆಯ ಸಹಿಗೆಂದು ಕರೆದ ಪೋಷಕರ ಸಭೆ ಬುಧವಾರ ಬೆಳಿಗ್ಗೆ. ಅದು ಆಲೂಗಡ್ಡೆ ಅಗೆಯುವ ಕಾಲ. ಊರಿನ ಅಂಗಡಿಯವರು, ಚಾಲಕರು, ಕಚೇರಿಯವರು ಬಂದರು, ಸಹಿ ಹಾಕಿದರು, ಕಾಫಿ ಕುಡಿದು ಹೋದರು. ಮೇಲಿನ ಹಳ್ಳಿಗಳಿಂದ ನಾಲ್ಕಾರು ಜನ ಬಂದಿದ್ದರೆ ಹೆಚ್ಚು, ಅವರೂ ಸಹಿ ಹಾಕದೆ ಹಿಂದೆ ನಿಂತು ಹೋದರು. ಒಂಟಿ ಮಕ್ಕಳ ಹಾಳೆಗಳು ಹಾಗೇ ಉಳಿದವು.

ಎರ್ಲಿಂದಾ ಛಲ ಬಿಡುವವಳಲ್ಲ. ವಾರದ ಕೊನೆಗೆ ನಗರಕ್ಕೆ ಹೋಗುವ ಬದಲು ಬೆಟ್ಟ ಹತ್ತತೊಡಗಿದಳು, ಮನೆಮನೆಗೆ. ಒಂದು ಶನಿವಾರ ನಾನೂ ಜತೆಗಿದ್ದೆ. ಲುಸ್ಮಿಲಾ ಎಂಬ ಹುಡುಗಿಯ ಹಳ್ಳಿಗೆ ಹೋದೆವು. ಲುಸ್ಮಿಲಾ ಒಂದು ವರ್ಷ ಮೊದಲೇ ಕೆಳಗಿಳಿದು ಬಂದು ಪ್ರೈಮರಿಯ ಕೊನೆಯ ವರ್ಷ ಎರ್ಲಿಂದಾಳ ಕೈಕೆಳಗೆ ಓದಿದವಳು, ಈಗ ನನ್ನ ಅಂಗಡಿಯ ಹಿಂದಿನ ಬೀದಿಯ ಕೋಣೆಯಲ್ಲಿ ಇರುತ್ತಾಳೆ. ಚೂಟಿ ಹುಡುಗಿ, ಲೆಕ್ಕದಲ್ಲಿ ಮುಂದು. ಗುರುವಾರ ಸಂಜೆ ನನ್ನ ಅಂಗಡಿಗೆ ಬಂದು ಬೆಕ್ಕಿನ ಜತೆ ಆಡುತ್ತಾಳೆ. ಬರುವುದು ಬೆಕ್ಕಿಗಾಗಿ ಅಲ್ಲ, ನಾನು ಬಿಸಿ ಮಾಡುವ ಸಾರಿಗಾಗಿ ಎಂದು ನನಗೆ ಗೊತ್ತು.

ಅವಳ ಅಪ್ಪ ಹೊಲದಲ್ಲಿದ್ದ. ನಮಗೆ ಬೇಯಿಸಿದ ಆಲೂಗಡ್ಡೆ, ಖಾರ ಕೊಟ್ಟ. ಎರ್ಲಿಂದಾ ಅವರ ಕ್ವೆಚುವಾ ಮಾತಿನಲ್ಲೇ ಎಲ್ಲ ವಿವರಿಸಿ ಹೇಳಿದಳು. ಅವನು ಹಾಳೆಯನ್ನು ತಿರುವಿ ತಿರುವಿ ನೋಡಿದ.

"ಟೀಚರಮ್ಮ, ನೀವು ಒಳ್ಳೇವ್ರು. ಕಾಗದ ಒಳ್ಳೇದಾ ಗೊತ್ತಿಲ್ಲ," ಅಂದ.

"ಇದ್ರಲ್ಲಿ ಮೋಸ ಇಲ್ಲ ಕಣಪ್ಪಾ. ಬರೀ ಒಂದಿಷ್ಟು ಪ್ರಶ್ನೆ."

"ನಮ್ಮಪ್ಪನೂ ಬರೀ ಒಂದು ಹೆಬ್ಬೆಟ್ಟು ಒತ್ತಿದ್ದ. ಆಚೆ ಇಳಿಜಾರು ಕಾಣ್ತದಲ್ಲ, ಅದು ನಮ್ದಾಗಿತ್ತು." ಇನ್ನೊಂದು ಆಲೂಗಡ್ಡೆ ನಮ್ಮ ಕಡೆ ಸರಿಸಿದ. "ಮಗಳನ್ನ ಒಂಟಿಯಾಗಿ ಬಿಟ್ಟಿದ್ದೀನಿ ಅಂತ ಕಾಗದದಲ್ಲಿ ಬಂದ್ರೆ ಸರ್ಕಾರದವ್ರು ಏನ್ ಮಾಡ್ತಾರೆ? ಬಡವ್ರ ಮನೆಗೆ ಕೊಡೋ ದುಡ್ಡು ನಿಲ್ಲಿಸ್ತಾರಂತೆ. ಮಗೂನೇ ಕರ್ಕೊಂಡು ಹೋಗ್ತಾರಂತೆ."

"ಹಾಗೆ ಯಾರೂ ಮಾಡಲ್ಲ."

"ನೀವು ಮಾಡಲ್ಲ," ಅಂದ. ಹಾಳೆಯನ್ನು ಮಡಿಸದೆ, ಕೊಳೆ ಮಾಡದೆ, ಎರಡೂ ಕೈಯಲ್ಲಿ ಹಿಡಿದು ಮರಳಿಸಿದ. ಬರುವಾಗ ಅರ್ಧ ಚೀಲ ಆಲೂಗಡ್ಡೆಯನ್ನು ಒತ್ತಾಯ ಮಾಡಿ ಹೊರಿಸಿದ.

ಇಳಿಯುವಾಗ ಎರ್ಲಿಂದಾ ಚೀಲ ಹೊತ್ತು ಮುಂದೆ ಮುಂದೆ ನಡೆದಳು. ಕೊನೆಗೆ ನಾನೇ ಕೆದಕಿದೆ. "ನೀನೇ ಹೆಬ್ಬೆಟ್ಟು ಒತ್ತಿಬಿಡು ಮಾರಾಯ್ತಿ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ. ಅವ್ನು ಬೇಡ ಅಂದ ಮೇಲೆ ಅವನ ಹೆಸರಲ್ಲಿ ಹೂಂ ಅನ್ನೋಕೆ ನಾನ್ಯಾರು?"

"ಹಾಗಾದ್ರೆ ಒಪ್ಪಿಗೆ ಇಲ್ದೆ ಕೇಳು. ನನ್ನ ಅಂಗಡೀಲಿ ಕೂರಿಸ್ಕೊಂಡು ಕೇಳು."

"ಅಂಥದ್ದನ್ನ ಪ್ರಬಂಧದಲ್ಲಿ ಹಾಕೋ ಹಾಗಿಲ್ಲ ಅಕ್ಕಾ. ಹಾಕಿದ್ರೆ ಇಡೀ ಕೆಲಸಾನೇ ಬಿಸಾಕ್ತಾರೆ."

ಅವಳು ಹೇಳಿದ್ದು ಸರಿ. ಅದೇ ಅಲ್ಲವೇ ಸಂಕಟ. ಈ ಕಥೆಯಲ್ಲಿ ಯಾರು ಹೇಳಿದ್ದನ್ನು ಹಿಡಿದುಕೊಂಡರೂ ಅದು ಸರಿಯಾಗಿಯೇ ಇದೆ.

ಆಗಸ್ಟಿನಲ್ಲಿ ಪ್ರಶ್ನಾವಳಿ ಕೊಡುವ ದಿನ ಬಂತು. ಒಪ್ಪಿಗೆ ತಂದ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಬಹುಪಾಲು ಊರಿನವರೇ, ಹೊಳೆಯುವ ಷೂ ಹಾಕಿದವರು. ಮಿಕ್ಕವರನ್ನು ಮೈದಾನಕ್ಕೆ ಬಿಟ್ಟರು. ಎರ್ಲಿಂದಾ ಒಳಗೆ ಕಿಟಕಿಯ ಬಳಿ ನಿಂತು, ಹುಷಾರಿಲ್ಲದಿದ್ದರೆ ಯಾರಿಗೆ ಹೇಳುತ್ತೀಯ ಎಂಬ ಪ್ರಶ್ನೆಯನ್ನು ಓದಿದಳಂತೆ, ಹೊರಗೆ ಲುಸ್ಮಿಲಾ ಗೋಡೆಗೆ ಚೆಂಡು ಎಸೆಯುತ್ತಿದ್ದಳಂತೆ. ಒಳಗಿದ್ದ ಬಹುತೇಕ ಮಕ್ಕಳು 'ಅಮ್ಮನಿಗೆ' ಎಂಬುದಕ್ಕೆ ಗುರುತು ಹಾಕಿದರು.

ಇದನ್ನು ಬಿಟ್ಟುಬಿಡುತ್ತೇನೆ ಎಂದು ಒಂದು ಸಲ ನನ್ನ ಮುಂದೆ ಅತ್ತಳು. ಆದರೆ ನಗರದಲ್ಲಿ ಅವಳ ಮಾರ್ಗದರ್ಶಕರು, ಉತ್ತರಗಳ ಸಂಖ್ಯೆ ಸಾಕು, ಒಂಟಿ ಮಕ್ಕಳನ್ನು ಕೇಳಲಾಗಲಿಲ್ಲ ಎಂಬುದನ್ನು ಅಧ್ಯಯನದ ಮಿತಿಗಳು ಎಂಬ ಕಡೆ ಬರೆಯಿರಿ, ಮುಗಿಸಿ, ಅಂದರು. ಅವರ ಕೈಕೆಳಗೆ ಇಂಥ ವಿದ್ಯಾರ್ಥಿಗಳು ಇನ್ನೂ ಹತ್ತು ಜನ. ಎರ್ಲಿಂದಾ ಆ ಮಿತಿಯನ್ನು ಒಂದು ಸಾಲಿನಲ್ಲಿ ಬರೆಯಲಿಲ್ಲ, ಒಂದು ಪೂರ್ತಿ ಪುಟ ಬರೆದಳು. ಯಾವ ಮಕ್ಕಳಿಗಾಗಿ ಈ ಅಧ್ಯಯನ ಶುರುವಾಯಿತೋ ಅವರೇ ಇದರಲ್ಲಿ ಇಲ್ಲ, ಆದ್ದರಿಂದ ಈ ಅಂಕಿಗಳನ್ನು ಇಡೀ ಶಾಲೆಗೆ ಅನ್ವಯಿಸಬಾರದು ಎಂದು ಬರೆದಳು. ನಾನೇ ಪ್ರಿಂಟ್ ತೆಗೆದದ್ದು. ಅಷ್ಟು ನೇರವಾದ ಪುಟ ನನ್ನ ಯಂತ್ರದಿಂದ ಅದಕ್ಕೆ ಮುಂಚೆ ಬಂದಿರಲಿಲ್ಲ. ಅದರ ಹಿಂದಿನ ಪುಟದಲ್ಲಿ ಒಂದು ಕೋಷ್ಟಕ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ತಂದೆತಾಯಿಯರ ಜತೆ ವಾಸಿಸುತ್ತಾರೆ.

ಪರೀಕ್ಷಕರು ಮೆಚ್ಚಿ ಪದವಿ ಕೊಟ್ಟರು. ರೊಟ್ಟಿನ ಹೊದಿಕೆ, ಚಿನ್ನದ ಅಕ್ಷರ ಹಾಕಿಸಿ ಒಂದು ಪ್ರತಿಯನ್ನು ಎರ್ಲಿಂದಾ ಮಾತಿನಂತೆ ಹೈಸ್ಕೂಲಿಗೆ ಕೊಟ್ಟು ಬಂದಳು. ಪ್ರಿನ್ಸಿಪಾಲರು ಎದ್ದು ನಿಂತು ಕೈಕುಲುಕಿ, ಫೋಟೋ ಹಿಡಿಸಿದರು.

ಮುಂದಿನ ವರ್ಷ ಶಾಲೆ ತೆರೆದ ಕೆಲವು ವಾರಕ್ಕೆ ಅಬ್ದೋನ್ ಲೊವಾಯ್ಸಾ ತಾವೇ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಆ ಚಿನ್ನದ ಅಕ್ಷರದ ಪುಸ್ತಕ.

"ಇದೊಂದು ಪುಟ, ಮೂರು ಕಾಪಿ," ಅಂದರು. "ಮೊದಲ ಪುಟಾನೂ ಮಾಡಿ, ವಿಶ್ವವಿದ್ಯಾಲಯದ ಹೆಸರಿರೋದು."

ಅದು ಕೋಷ್ಟಕದ ಪುಟ. ನನಗೆ ತಿಳಿಯಿತು. "ಮುಂದಿನ ಪುಟಾನೂ ಮಾಡ್ಲಾ ಸಾರ್? ಅದು ಇದರ ಜತೆಗೇ ಸೇರಿದ್ದು."

"ಬೇಡ. ಇಷ್ಟು ಸಾಕು."

"ಅದ್ರಲ್ಲಿ ಮಕ್ಕಳ ವಿಷಯ..."

"ಗ್ರಿಮಾನೆಸಾ, ಎಷ್ಟಾಯ್ತು ಹೇಳಿ."

ಪ್ರಾಂತ್ಯದ ಕಚೇರಿಯವರು ಹಾಸ್ಟೆಲ್ ಬೇಕಾದ ಶಾಲೆಗಳ ಮಾಹಿತಿ ಕೇಳಿದ್ದರು. ನಮ್ಮ ಶಾಲೆಯಿಂದ ಹೋದದ್ದು ಆ ಪುಟ. ಎರ್ಲಿಂದಾಳಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಅವಳು ನೇರ ಗೇಟಿನೊಳಗೆ ನುಗ್ಗಿದಳು, ಬೆಂಚಿನ ಮೇಲೆ ಕೂರಲಿಲ್ಲ. ನಾನು ಹಿಂದೆಯೇ ಓಡಿದೆ.

"ಅದು ನಿಮ್ಮ ಶಾಲೆ ಲೆಕ್ಕ ಅಲ್ಲ ಸಾರ್," ಅಂದಳು. "ಸಹಿ ಸಿಕ್ಕಿದ ಮಕ್ಕಳ ಲೆಕ್ಕ ಅಷ್ಟೇ. ಮುಂದಿನ ಪುಟದಲ್ಲಿ ಬರ್ದಿದ್ದೀನಿ."

"ನಾನು ಕಳಿಸಿರೋದ್ರಲ್ಲಿ ಸುಳ್ಳು ಏನಾದ್ರೂ ಇದೆಯಾ ಟೀಚರ್?" ಪ್ರಿನ್ಸಿಪಾಲರು ಅದೇ ನಯದಿಂದ ಕೇಳಿದರು. "ಎಣಿಸಿದ್ದು ನೀವು. ಸಹಿ ನಿಮ್ದು. ನಾನು ಅನುಮತಿ ಕೊಟ್ಟೋನು ಮಾತ್ರ."

ಅವಳು ಪ್ರಾಂತ್ಯದ ಕಚೇರಿಗೆ ಅರ್ಜಿ ಬರೆದಳು, ಆ ಬಿಟ್ಟ ಪುಟವನ್ನೂ ಲಗತ್ತಿಸಿ. ಈ ಸಲ ವರ್ಷದ ಹೆಸರು ಸರಿಯಾಗಿತ್ತು. ತಮ್ಮ ಅರ್ಜಿ ದಾಖಲಾಗಿದೆ, ಸಂಬಂಧಪಟ್ಟ ಶಾಲೆಯ ಮುಖ್ಯಸ್ಥರ ಮೂಲಕ ಸಲ್ಲಿಸತಕ್ಕದ್ದು ಎಂದು ಉತ್ತರ ಬಂತು. ಅಷ್ಟರಲ್ಲಿ ಹಾಸ್ಟೆಲ್ ಆಚೆ ಕಣಿವೆಯ ಊರಿಗೆ ಹೋಯಿತು. ಅಲ್ಲಿಯ ಮಕ್ಕಳಿಗೂ ಬೇಕಾಗಿತ್ತು, ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಇಲ್ಲ ಅಂದರೆ ಸುಳ್ಳಾಗುತ್ತದೆ, ಇದೆ.

ಜೂನಿನ ಒಂದು ಸಂಜೆ ಎರ್ಲಿಂದಾ ನನ್ನ ಅಂಗಡಿಯಲ್ಲಿ ಮಕ್ಕಳ ಪರೀಕ್ಷೆಯ ಹಾಳೆ ಕಾಪಿ ಮಾಡಿಸುತ್ತಿದ್ದಳು. ಲುಸ್ಮಿಲಾ ಬಂದಳು. ಬೆನ್ನ ಮೇಲೆ ಗಂಟು, ಅದರಲ್ಲಿ ಪಾತ್ರೆ, ಕಂಬಳಿ, ಸೀಮೆಎಣ್ಣೆ ಸ್ಟೌ. ಕೋಣೆ ಖಾಲಿ ಮಾಡಿದ್ದಳು. ತುಂಬ ಸಣ್ಣಗಾಗಿದ್ದಳು.

"ಎಲ್ಲಿಗೆ ಹೊರಟ್ಯೇ?" ಅಂದೆ.

"ನಗರಕ್ಕೆ, ಚಿಕ್ಕಮ್ಮ. ಒಬ್ಬರ ಮನೇಲಿ ಮಗು ನೋಡ್ಕೊಳ್ಳೋ ಕೆಲಸ. ಊಟ ಕೊಡ್ತಾರಂತೆ, ಮೂರು ಹೊತ್ತೂ."

"ಪರೀಕ್ಷೆ ಮುಗಿಸಿ ಹೋಗೇ," ಎರ್ಲಿಂದಾ ಅಂದಳು. "ನನ್ನ ಮನೇಲಿ ಇರು. ಇವತ್ತೇ ಬಾ."

"ಈ ವರ್ಷ ಕೋಣೇಲಿ ನನ್ನ ತಮ್ಮನೂ ಇದ್ದ ಟೀಚರ್, ಈಗ ಬೆಟ್ಟಕ್ಕೆ ವಾಪಸ್ ಹೋದ. ಎದುರುಮನೆ ಹುಡ್ಗೀರು ಇಬ್ರು ಇದ್ದಾರೆ. ಅವರನ್ನೂ ಕರೀತೀರಾ?" ಕುಹಕದಿಂದ ಕೇಳಿದ್ದಲ್ಲ, ಲೆಕ್ಕದ ಹುಡುಗಿ, ಲೆಕ್ಕ ಕೇಳಿದಳು.

ಯಂತ್ರ ಹಾಳೆಗಳನ್ನು ಉಗುಳುತ್ತಲೇ ಇತ್ತು. ಲುಸ್ಮಿಲಾ ಗಂಟನ್ನು ಸರಿಮಾಡಿಕೊಂಡಳು, ಬಾಗಿಲಲ್ಲಿ ನಿಂತಳು.

"ಟೀಚರ್, ನಮ್ಮ ಶಾಲೇಲಿ ಮಕ್ಕಳು ಯಾರ ಜತೆ ಇರ್ತಾರೆ ಅಂತ ನೀವು ಪುಸ್ತಕ ಬರೆದ್ರಂತೆ. ಗೋಡೆ ಮೇಲೆ ಅದರ ಫೋಟೋ ಹಾಕಿದ್ದಾರೆ. ಅದ್ರಲ್ಲಿ ನಾನು ಎಲ್ಲಿದ್ದೀನಿ?"

ಎರ್ಲಿಂದಾ ಹತ್ತಿರ ಹೋಗಿ ಅವಳ ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು, ಕತ್ತಿನವರೆಗೂ.

"ನೀನು ಇಲ್ಲ ಕಂದಾ," ಅಂದಳು. "ನಿನ್ನನ್ನ ಕೇಳೋಕೆ ನನಗೆ ಅನುಮತಿ ಇರ್ಲಿಲ್ಲ."